ಕುಳಾಯಿ ದೊಡ್ಡಮ್ಮನ ಫ್ರಿಜ್: ಗ್ಯಾಸ್ ತುಂಬಿಸುವುದಾ, ಹೊಸದು ತೆಗೆಯುವುದಾ, ಮತ್ತೆ ಆ 2,600 ರೂಪಾಯಿ ವಾರಂಟಿ ಎಂತಕ್ಕಾಯ್ತು

ಇದು 2025ರ ಮೇ ತಿಂಗಳ ಕಥೆ. ನಮ್ಮ ದೊಡ್ಡಮ್ಮನ ಮನೆ ಮಂಗಳೂರು ಬದಿಯ ಕುಳಾಯಿಯಲ್ಲಿ, ಹೈವೇಯಿಂದ ಪಡುವಣ ಬದಿಗೆ, ಕಡಲು ಸಾಧಾರಣ ಹತ್ರವೇ. ಫ್ರಿಜ್ ಡಬಲ್ ಡೋರ್, ಫ್ರಾಸ್ಟ್ ಫ್ರೀ, ಇನ್ವರ್ಟರ್ ಕಂಪ್ರೆಸರಿನದ್ದು, 2021ರ ದೀಪಾವಳಿ ಆಫರಿನಲ್ಲಿ 28,500ಕ್ಕೆ ತೆಗೆದದ್ದು, ಅಂದ್ರೆ ಮೂರೂವರೆ ವರ್ಷ ಹಳತು. ಜೂನ್ 1ರಿಂದ ಜುಲೈ 31ರ ತನಕ ಬೋಟು ಕಡಲಿಗೆ ಇಳಿಯುವುದಿಲ್ಲ ಅಲ್ವಾ, ಅದಕ್ಕೆ ದೊಡ್ಡಮ್ಮ ಮೇ ಕೊನೆಗೆ ಬಂಗುಡೆ, ಬೂತಾಯಿ ಎಲ್ಲ ಕ್ಲೀನ್ ಮಾಡಿ ಕಟ್ಟಿ ಕಟ್ಟಿ ಫ್ರೀಜರಿನಲ್ಲಿ ಇಡುವುದು ಪ್ರತಿ ವರ್ಷದ ಪದ್ಧತಿ. ಸರಿಯಾಗಿ ಅದೇ ಹೊತ್ತಿಗೆ ಕೆಳಗಿನ ಭಾಗ ತಂಪಾಗುವುದು ನಿಂತಿತು, ಹಾಲು ರಾತ್ರಿ ಇಟ್ಟದ್ದು ಬೆಳಿಗ್ಗೆ ಕಾಯಿಸುವಾಗ ಒಡೆಯುತ್ತಿತ್ತು. ಮೇಲೆ ಫ್ರೀಜರಿನಲ್ಲಿ ಮೀನು ಮಾತ್ರ ಕಲ್ಲಿನ ಹಾಗೆ ಗಟ್ಟಿ ಇತ್ತು.

ಮೇಲೆ ಗಟ್ಟಿ, ಕೆಳಗೆ ಬಿಸಿ. ಈ ಒಂದು ಮಾತನ್ನು ಯಾರಾದ್ರೂ ಸರಿಯಾಗಿ ಕೇಳಿಸಿಕೊಂಡಿದ್ರೆ ಮುಂದಿನ ಗಲಾಟೆ ಅರ್ಧ ಇರ್ತಿರಲಿಲ್ಲ.

ಮೊದಲು ಕಂಪೆನಿ ಕಡೆಯಿಂದ ಟೆಕ್ನೀಶಿಯನ್ ಬಂದ. ಹಿಂದೆ ಕಂಪ್ರೆಸರ್ ಮೇಲೆ ಕೈ ಇಟ್ಟು ನೋಡಿದ, "ತುಂಬ ಬಿಸಿ ಉಂಟು ಆಂಟಿ, ನಿಲ್ಲದೆ ಓಡ್ತಾ ಉಂಟು, ಗ್ಯಾಸ್ ಕಮ್ಮಿ ಆಗಿದೆ" ಅಂದ. ಕಂಪ್ರೆಸರಿಗೆ 10 ವರ್ಷ ವಾರಂಟಿ ಉಂಟು, ಬೇಕಾದ್ರೆ ಅದು ಫ್ರೀ, ಆದ್ರೆ ಗ್ಯಾಸ್, ಫಿಲ್ಟರ್, ಲೇಬರ್, ವರ್ಕ್‌ಶಾಪಿಗೆ ಕೊಂಡುಹೋಗಿ ತರುವ ಖರ್ಚು ಎಲ್ಲ ಸೇರಿ 6,500 ಆಗ್ತದೆ ಅಂತ ಬರೆದು ಕೊಟ್ಟ. ವಿಸಿಟಿಂಗ್ ಚಾರ್ಜ್ 500, ಅದರ ಮೇಲೆ ಜಿಎಸ್‌ಟಿ, ಒಟ್ಟು 590 ತಗೊಂಡು ಹೋದ. ಒಳಗಿನ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ.

ಬೆಂಗಳೂರಿನಲ್ಲಿರುವ ದೊಡ್ಡಮ್ಮನ ಮಗ ಫೋನಲ್ಲೇ ತೀರ್ಮಾನ ಕೊಟ್ಟ, "ಅಮ್ಮಾ ಅದನ್ನು ಬಿಸಾಡಿ, ಹೊಸದು ತೆಗಿ, ನಾನು ಇಎಂಐ ಮಾಡ್ತೇನೆ" ಅಂತ. ಅಂಗಡಿಯಲ್ಲಿ ಕೇಳಿದ್ದಕ್ಕೆ ಅದೇ ಸೈಜಿನ ಹೊಸದು 31,000, ಹಳತಕ್ಕೆ ಎಕ್ಸ್‌ಚೇಂಜ್ 2,000, ಮತ್ತೆ "ಎಕ್ಸ್‌ಟೆಂಡೆಡ್ ವಾರಂಟಿ ಹಾಕಿಬಿಡಿ ಅಮ್ಮ, 3,400 ಅಷ್ಟೇ, ಮತ್ತೆ ಟೆನ್ಶನ್ನೇ ಇಲ್ಲ". ಒಟ್ಟು 32,400. ಆಗ ದೊಡ್ಡಮ್ಮ ನನಗೆ ಫೋನ್ ಮಾಡಿದ್ದು. ನಾನು ಕೆಲವು ವರ್ಷ ಈ ಅಪ್ಲಯನ್ಸ್ ಸರ್ವಿಸ್ ಲೈನಲ್ಲೇ ಇದ್ದವ, ಈಗ ಬೇರೆ ಕೆಲಸ, ಆದ್ರೂ ಮನೆಯವರಿಗೆಲ್ಲ ನಾನೇ ಹೆಲ್ಪ್‌ಲೈನ್.

ನಾನು ಹೋದ ಕೂಡ್ಲೇ ದರದ ಲೆಕ್ಕಕ್ಕೆ ಕೈ ಹಾಕಲಿಲ್ಲ. ರಿಪೇರಿಯೋ ಹೊಸದೋ ಅಂತ ಕೇಳುವಾಗ ಜನ ಎಲ್ಲ ಮೊದಲು ಹೇಳುವುದು "ಹೊಸದರ ಅರ್ಧ ರೇಟಿಗಿಂತ ಜಾಸ್ತಿ ಆದ್ರೆ ರಿಪೇರಿ ಬೇಡ" ಅಂತ ಒಂದು ರೂಲು. ರೂಲು ಸರಿಯೇ ಇರಬಹುದು, ಆದ್ರೆ ಯಾವ ಪಾರ್ಟ್ ಹೋಗಿದೆ ಅಂತ ಗೊತ್ತಿಲ್ಲದೆ ಅರ್ಧ, ಕಾಲು ಅಂತ ಯಾವುದರ ಮೇಲೆ ಲೆಕ್ಕ ಹಾಕುವುದು? 6,500 ಅಂತ ಅವನು ಬರೆದದ್ದು ಒಂದು ಊಹೆಯ ರೇಟು, ಅಷ್ಟೇ.

ಫ್ರಾಸ್ಟ್ ಫ್ರೀ ಫ್ರಿಜ್ ಹೇಗೆ ಕೆಲಸ ಮಾಡ್ತದೆ ಅಂತ ಸ್ವಲ್ಪ ಹೇಳ್ತೇನೆ, ಇದು ಗೊತ್ತಿದ್ರೆ ಉಳಿದದ್ದು ಸುಲಭ. ತಂಪು ಹುಟ್ಟುವುದು ಒಂದೇ ಕಡೆ, ಫ್ರೀಜರಿನ ಹಿಂದಿನ ಪ್ಲಾಸ್ಟಿಕ್ ಪ್ಯಾನೆಲ್ ಹಿಂದೆ ಇರುವ ಅಲ್ಯೂಮಿನಿಯಂ ಕಾಯಿಲಿನಲ್ಲಿ. ಅಲ್ಲಿಂದ ಒಂದು ಸಣ್ಣ ಫ್ಯಾನ್ ಆ ತಂಪು ಗಾಳಿಯನ್ನು ಫ್ರೀಜರಿಗೂ, ಒಂದು ದಾರಿಯಲ್ಲಿ ಕೆಳಗಿನ ಭಾಗಕ್ಕೂ ದೂಡ್ತದೆ. ಗಾಳಿಯಲ್ಲಿರುವ ನೀರಿನ ಪಸೆ ಆ ಕಾಯಿಲಿಗೆ ಹಿಮ ಆಗಿ ಹಿಡಿಯುತ್ತದೆ, ನಮ್ಮ ಕರಾವಳಿಯ ಸೆಕೆಗೆ ಬಾಗಿಲು ತೆಗೆದಾಗಲೆಲ್ಲ ಸಾಕಷ್ಟು ಪಸೆ ಒಳಗೆ ಹೋಗ್ತದೆ. ಅದನ್ನು ಕರಗಿಸಲಿಕ್ಕೆ ಕಾಯಿಲಿನ ಅಡಿಯಲ್ಲಿ ಒಂದು ಹೀಟರ್ ಉಂಟು, ಆಗಾಗ ತಾನೇ ಆನ್ ಆಗಿ ಹಿಮ ಕರಗಿಸಿ, ನೀರು ಪೈಪಿನಲ್ಲಿ ಇಳಿದು ಹಿಂದಿನ ಟ್ರೇಗೆ ಹೋಗ್ತದೆ. ಈ ಹೀಟರ್ ಕೆಲಸ ನಿಲ್ಲಿಸಿತು ಅಂತಾದ್ರೆ ಹಿಮ ಏರ್ತಾ ಏರ್ತಾ ಗಾಳಿಯ ದಾರಿಯೇ ಬಂದ್. ಫ್ರೀಜರ್ ಕಾಯಿಲಿನ ಪಕ್ಕದಲ್ಲೇ ಇರುವುದರಿಂದ ಅದು ಗಟ್ಟಿಯಾಗಿಯೇ ಇರ್ತದೆ, ಕೆಳಗೆ ಗಾಳಿ ಬರುವುದಿಲ್ಲ, ಸೆನ್ಸರಿಗೆ ತಂಪು ಸಾಕಾಗಿಲ್ಲ ಅಂತ ಕಂಡು ಕಂಪ್ರೆಸರ್ ನಿಲ್ಲದೆ ಓಡ್ತದೆ, ಓಡಿ ಓಡಿ ಬಿಸಿ ಆಗ್ತದೆ. ಅವನು ಕೈ ಇಟ್ಟು ನೋಡಿದ ಬಿಸಿ ಈ ಕಾರಣಕ್ಕೂ ಆಗಿರಬಹುದು ಅಲ್ವಾ.

ಗ್ಯಾಸ್ ಲೀಕ್ ಆದ್ರೆ ಹಾಗಲ್ಲ. ಆಗ ಫ್ರೀಜರ್ ಕೂಡ ಮೆತ್ತಗಾಗ್ತಾ ಬರ್ತದೆ, ಐಸ್ ಟ್ರೇಯಲ್ಲಿ ನೀರು ಕಟ್ಟುವುದಿಲ್ಲ.

ನಾನು ದೊಡ್ಡಮ್ಮನತ್ರ ಇನ್ನು ಎರಡು ಕೇಳಿದೆ. ಫ್ರಿಜ್ಜಿನಿಂದ ಏನಾದ್ರೂ ಶಬ್ದ ಬರ್ತಿತ್ತಾ? "ಹೌದು ಮಾರಾಯ, ರಾತ್ರಿ ಹೊತ್ತು ಕರಕರ ಅಂತ, ಇಲಿ ಅಂತ ಗ್ರಹಿಸಿದೆ" ಅಂದ್ರು. ಫ್ಯಾನಿನ ಎಲೆ ಐಸಿಗೆ ತಾಗುವ ಶಬ್ದ ಅದು. ಕರೆಂಟ್ ಬಿಲ್ ಹೇಗೆ ಬಂದಿದೆ? ಗೃಹಜ್ಯೋತಿಯಲ್ಲಿ ಅವರದ್ದು ಯಾವಾಗಲೂ ಸೊನ್ನೆ ಬಿಲ್, ಈ ಸಲ ಅವರ ಮಿತಿ ದಾಟಿ ಹೆಚ್ಚುವರಿ ಯೂನಿಟಿಗೆ ದುಡ್ಡು ಬಂದಿತ್ತು. ಬೇಸಿಗೆಯ ಫ್ಯಾನ್ ಅಂತ ಅವರು ಸುಮ್ಮನಾಗಿದ್ರು. ಫ್ಯಾನೂ ಇರಬಹುದು, ಆದ್ರೆ ಹಗಲು ರಾತ್ರಿ ನಿಲ್ಲದೆ ಓಡುವ ಕಂಪ್ರೆಸರೂ ಅದರಲ್ಲಿ ಉಂಟು.

ಕೃಷ್ಣಾಪುರ ಕಡೆಯ ಒಬ್ಬ ಹಳೇ ಮೆಕ್ಯಾನಿಕ್ ನನಗೆ ಪರಿಚಯ, ಅವರನ್ನು ಬರ ಹೇಳಿದೆ. ಬರುವ ಮೊದಲು ಮೀನನ್ನೆಲ್ಲ ಪಕ್ಕದ ಮನೆ ಫ್ರೀಜರಿಗೆ ಸಾಗಿಸಿ ಆಗಿತ್ತು, ಆದ್ರೆ ಫ್ರಿಜ್ಜನ್ನು ಆಫ್ ಮಾಡಲಿಕ್ಕೆ ನಾನು ಬಿಡಲಿಲ್ಲ, ಯಾಕಂದ್ರೆ ಐಸ್ ಕರಗಿಹೋದ್ರೆ ನೋಡಬೇಕಾದ ಸಾಕ್ಷಿಯೇ ಹೋಯ್ತು. ಅವರು ಫ್ರೀಜರಿನ ಒಳಗಿನ ಪ್ಯಾನೆಲಿನ ಸ್ಕ್ರೂ ಬಿಚ್ಚಿ ಮೆಲ್ಲ ಹಿಂದೆ ಎಳೆದ್ರು, ಅದೂ ಸುಲಭಕ್ಕೆ ಬರಲಿಲ್ಲ, ಐಸಿಗೆ ಅಂಟಿಕೊಂಡಿತ್ತು, ಹೇರ್ ಡ್ರೈಯರ್ ಹಿಡಿದು ಬದಿ ಬದಿ ಬಿಡಿಸಬೇಕಾಯ್ತು. ಹಿಂದೆ ನೋಡಿದ್ರೆ ಕಾಯಿಲೇ ಕಾಣುವುದಿಲ್ಲ. ಮೇಲಿನಿಂದ ಕೆಳಗಿನ ತನಕ, ಈ ಬದಿಯಿಂದ ಆ ಬದಿಗೆ, ಬಿಳೀ ಐಸಿನ ಒಂದೇ ಗೋಡೆ.

ನೋಡಬೇಕಾದ ಗುರುತು ಇದೇ. ಗ್ಯಾಸ್ ಕಮ್ಮಿ ಆದ ಕಾಯಿಲಿನಲ್ಲಿ ಗ್ಯಾಸ್ ಒಳಗೆ ಬರುವ ಬದಿಯಲ್ಲಿ ಒಂದೆರಡು ಸುತ್ತು ಮಾತ್ರ ಹಿಮ ಹಿಡಿದಿರ್ತದೆ, ಉಳಿದ ಪೈಪ್ ಎಲ್ಲ ಬೋಳು. ಇಡೀ ಕಾಯಿಲಿಗೆ ಸಮ ಆಗಿ ದಪ್ಪ ಐಸ್ ಹಿಡಿದಿದೆ ಅಂದ್ರೆ ಗ್ಯಾಸ್ ಕೊನೆ ಸುತ್ತಿನ ತನಕ ತಲುಪ್ತಾ ಉಂಟು, ಕಂಪ್ರೆಸರ್ ಸರಿ ಉಂಟು, ಹಾಳಾದದ್ದು ಕರಗಿಸುವ ವ್ಯವಸ್ಥೆ. "ಅಮ್ಮ, ಗ್ಯಾಸ್ ಫುಲ್ ಉಂಟು ಇದರಲ್ಲಿ" ಅಂತ ಅವರು ಹೇಳಿದ್ದಕ್ಕೆ ದೊಡ್ಡಮ್ಮ ನನ್ನ ಮುಖ ನೋಡಿದ್ರು.

ಈಗ ಕೇಳಿ, ಇದರಲ್ಲಿ ಇನ್ನೊಂದು ಮೋಸ ಉಂಟು, ಬೇಕಂತಲೇ ಮಾಡದಿದ್ರೂ ಆಗುವಂಥದ್ದು. ಒಂದು ವೇಳೆ 6,500 ಕೊಟ್ಟು ವರ್ಕ್‌ಶಾಪಿಗೆ ಕಳಿಸಿದ್ದಿದ್ರೆ ಎಂತ ಆಗ್ತಿತ್ತು? ಫ್ರಿಜ್ ಒಂದೆರಡು ದಿನ ಆಫ್ ಇರ್ತಿತ್ತು, ಅಷ್ಟರಲ್ಲಿ ಐಸ್ ಎಲ್ಲ ತಾನಾಗಿ ಕರಗ್ತಿತ್ತು, ಇದ್ದ ಗ್ಯಾಸ್ ಬಿಟ್ಟು ಹೊಸ ಗ್ಯಾಸ್ ತುಂಬಿಸಿ ವಾಪಸ್ ತಂದು ಇಟ್ಟಾಗ ಚಂದ ಮಾಡಿ ತಂಪಾಗ್ತಿತ್ತು. ದೊಡ್ಡಮ್ಮ ಖುಷಿ, ಟೆಕ್ನೀಶಿಯನ್ನೂ ಖುಷಿ. ಒಂದೆರಡು ವಾರದಲ್ಲಿ ಐಸ್ ಪುನಃ ಏರಿ ಅದೇ ಕಂಪ್ಲೇಂಟ್. ಆಗ "ಇದು ಬೇರೆ ಪ್ರಾಬ್ಲಂ" ಅಂತ ಹೊಸ ಬಿಲ್ಲು, ಅಲ್ಲಾಂದ್ರೆ "ಈ ಫ್ರಿಜ್ ಇನ್ನು ಆಗುವುದಿಲ್ಲ" ಅಂತ ಹೊಸದಕ್ಕೆ ದಾರಿ. ರಿಪೇರಿ ಮಾಡಿದ್ರೂ ನಿಲ್ಲುವುದಿಲ್ಲ ಅಂತ ಜನ ಹೇಳುವ ಎಷ್ಟೋ ಫ್ರಿಜ್ಜಿನ ಕಥೆ ಇದೇ ಅಂತ ನನಗೆ ಅನಿಸ್ತದೆ.

ಇದನ್ನೇ ನೀವು ಮನೆಯಲ್ಲಿ ಪರೀಕ್ಷೆಗೆ ಬಳಸಬಹುದು, ಒಂದು ಸ್ಕ್ರೂ ಡ್ರೈವರ್ ಕೂಡ ಬೇಡ. ಪ್ಲಗ್ ತೆಗೆದು, ಎರಡೂ ಬಾಗಿಲು ತೆಗೆದು, ಅಡಿಗೆ ಬಟ್ಟೆ ಹಾಕಿ ಒಂದು ಪೂರ್ತಿ ದಿನ ಬಿಡಿ. ಮತ್ತೆ ಆನ್ ಮಾಡಿದ ಮೇಲೆ ಕೆಲವು ದಿನ ಮೇಲೆ ಕೆಳಗೆ ಎಲ್ಲ ಸರಿಯಾಗಿ ತಂಪಾಗಿ ನಂತರ ಪುನಃ ಕೆಳಗೆ ಬಿಸಿ ಶುರುವಾದ್ರೆ ಹೆಚ್ಚಿನಂಶ ಡಿಫ್ರಾಸ್ಟ್, ಅಂದ್ರೆ ಹಿಮ ಕರಗಿಸುವ ವ್ಯವಸ್ಥೆಯ ಪ್ರಾಬ್ಲಮ್ಮೇ. ಆನ್ ಮಾಡಿದ ಮೇಲೂ ತಂಪೇ ಆಗಲಿಲ್ಲ ಅಂದ್ರೆ ಆಗ ಗ್ಯಾಸ್, ಕಂಪ್ರೆಸರ್, ಇಲ್ಲಾಂದ್ರೆ ಪಿಸಿಬಿ ಎಂಬ ಕಂಟ್ರೋಲ್ ಬೋರ್ಡ್ ಅಂತ ಮಾತಾಡಬಹುದು. ದಮ್ಮಯ್ಯ, ಚೂರಿ, ಸ್ಕ್ರೂ ಡ್ರೈವರ್ ಹಿಡ್ಕೊಂಡು ಐಸ್ ಕುತ್ತಬೇಡಿ. ಕಾಯಿಲಿಗೆ ಒಂದು ತೂತು ಬಿದ್ರೆ ಎರಡು ಸಾವಿರದ ಕೆಲಸ ನಿಜವಾಗಿಯೂ ಗ್ಯಾಸಿನ ಕೆಲಸ ಆಗಿಬಿಡ್ತದೆ, ಮತ್ತೆ ಈಗಿನ ಹೆಚ್ಚಿನ ಫ್ರಿಜ್ಜಿನಲ್ಲಿ ಇರುವ ಆರ್600ಎ ಗ್ಯಾಸ್ ಬೆಂಕಿ ಹಿಡಿಯುವಂಥದ್ದು.

ಐಸ್ ಪೂರ್ತಿ ಕರಗಿದ ಮೇಲೆ ಮೆಕ್ಯಾನಿಕ್ ಮೀಟರ್ ಹಾಕಿ ನೋಡಿದ್ರು. ಹೀಟರಿನ ದಾರಿಯಲ್ಲಿ ಒಂದು ಥರ್ಮಲ್ ಫ್ಯೂಸ್ ಇರ್ತದೆ, ಬಿಸಿ ಮಿತಿ ಮೀರಿದ್ರೆ ಒಮ್ಮೆಗೆ ಸುಟ್ಟು ಕನೆಕ್ಷನ್ ಕಟ್ ಮಾಡ್ಲಿಕ್ಕೆ, ಅದು ಓಪನ್ ತೋರಿಸಿತು, ಅಂದ್ರೆ ಸುಟ್ಟು ಹೋಗಿತ್ತು. ಪಕ್ಕದ ಕನೆಕ್ಟರಿನ ಪಿನ್ ಹಸಿರು ಹಸಿರು, ಉಪ್ಪು ಗಾಳಿಯ ಕೆಲಸ. ಅವರ ಜೊತೆ ಬಂದ ಹುಡುಗ "ಅಣ್ಣ, ಫ್ಯೂಸ್ ಡೈರೆಕ್ಟ್ ಮಾಡಿದ್ರೆ ಈಗಲೇ ಆಗ್ತದೆ" ಅಂದ, ಅವನಿಗೆ ಅಲ್ಲೇ ಬೈಗುಳ ಸಿಕ್ಕಿತು. ಫ್ಯೂಸ್ ಇಲ್ಲದ ಹೀಟರ್, ಪಕ್ಕದಲ್ಲೇ ಬೆಂಕಿ ಹಿಡಿಯುವ ಗ್ಯಾಸಿನ ಪೈಪ್, ಸುತ್ತ ಪ್ಲಾಸ್ಟಿಕ್ಕು ಮತ್ತೆ ಫೋಮು. ಡೈರೆಕ್ಟ್ ಮಾಡ್ತೇನೆ ಅಂತ ಯಾರೇ ಹೇಳಿದ್ರೂ ಅವರನ್ನು ಬಾಗಿಲ ತನಕ ಬಿಟ್ಟು ಬನ್ನಿ.

ಫ್ಯೂಸ್ ಒಂದನ್ನೇ ಬದಲಾಯಿಸಿದ್ರೂ ಸಾಕಾಗುವುದಿಲ್ಲ. ಅದು ಯಾಕೆ ಸುಟ್ಟಿತು ಅಂತ ಬೇಕು. ಐಸ್ ಕರಗಿತು, ಇನ್ನು ಹೀಟರ್ ಸಾಕು ಅಂತ ಬೋರ್ಡಿಗೆ ಹೇಳುವುದು ಕಾಯಿಲಿಗೆ ಕಟ್ಟಿದ ಸಣ್ಣ ಸೆನ್ಸರ್, ಅದು ತಪ್ಪು ಹೇಳಿದ್ರೆ ಹೀಟರ್ ಉರಿಯುತ್ತಲೇ ಇದ್ದು ಕೊನೆಗೆ ಫ್ಯೂಸ್ ಹೋಗ್ತದೆ. ಹಾಗಾಗಿ ಹೀಟರ್ ಮತ್ತೆ ಫ್ಯೂಸ್ ಸೇರಿದ ಸೆಟ್ 900, ಸೆನ್ಸರ್ 350, ಕನೆಕ್ಟರ್ ಕ್ಲೀನ್ ಮಾಡಿ ಎಲ್ಲ ಜೋಡಿಸಿದ ಮಜೂರಿ 700. ಒಟ್ಟು 1,950. ಮೊದಲು ಕಂಪೆನಿಯವನಿಗೆ ಕೊಟ್ಟ 590 ಸೇರಿಸಿದ್ರೆ 2,540.

ಹೊರಗಿನವರ ಕೈಯಲ್ಲಿ ಮಾಡಿಸಿದ್ರೆ ಕಂಪ್ರೆಸರಿನ 10 ವರ್ಷದ ವಾರಂಟಿ ಹೋಗ್ತದಾ ಅಂತ ಒಂದು ಹೆದರಿಕೆ ಇತ್ತು, ಅದು ಸುಮ್ಮನೆ ಹೆದರಿಕೆ ಅಲ್ಲ. ಕಾರ್ಡಿನಲ್ಲಿ ಹೊರಗಿನವರು ಕೈ ಹಾಕಿದ್ರೆ ವಾರಂಟಿ ಇಲ್ಲ ಅಂತ ಬರೆದಿತ್ತು, ಎಷ್ಟು ಕೈ ಹಾಕಿದ್ರೆ ಅಂತ ಬರೆದಿರಲಿಲ್ಲ. ಹಾಗಾಗಿ ಗ್ಯಾಸಿನ ಪೈಪ್, ಕಂಪ್ರೆಸರ್, ಸೀಲು ಯಾವುದನ್ನೂ ಮುಟ್ಟಬಾರದು ಅಂತ ಮೊದಲೇ ಹೇಳಿ, ಹಳೇ ಪಾರ್ಟ್ ಮತ್ತೆ ಕೈಬರಹದ ಬಿಲ್ಲು ಇಟ್ಟುಕೊಂಡೆವು. ರಿಸ್ಕ್ ಇಲ್ಲ ಅಂತ ಹೇಳಲಿಕ್ಕೆ ಬರುವುದಿಲ್ಲ. ಆದ್ರೆ ಆ ವಾರಂಟಿಯಲ್ಲಿ ಸಿಗುವುದು ಕಂಪ್ರೆಸರ್ ಎಂಬ ಒಂದು ಪಾರ್ಟ್ ಮಾತ್ರ, ಅದನ್ನು ಹಾಕುವ ಖರ್ಚೇ 6,500 ಅಂತ ಅವರೇ ಬರೆದು ಕೊಟ್ಟಿದ್ದಾರಲ್ಲ. 10 ವರ್ಷ ಅಂತ ಬಾಗಿಲ ಮೇಲೆ ದೊಡ್ಡ ಸ್ಟಿಕ್ಕರ್ ಅಂಟಿಸುವಾಗ ಈ ಭಾಗ ಯಾರೂ ಹೇಳುವುದಿಲ್ಲ.

ಈಗ ಬೆಂಗಳೂರಿನವನ ಪ್ರಶ್ನೆ. ಹೊಸದೇ ತೆಗೆದಿದ್ರೆ? ನಾನು ಅವನಿಗೆ ಹೇಳಿದ ಲೆಕ್ಕ ಇದು. ಒಳನಾಡಿನಲ್ಲಿ ಫ್ರಿಜ್ 10 ವರ್ಷಕ್ಕಿಂತ ಜಾಸ್ತಿ ಬರಬಹುದು, ಕಡಲ ಬದಿ ಅಂತ ನಾನು 8 ವರ್ಷ ಹಿಡಿದೆ. 28,500ನ್ನು 8 ವರ್ಷಕ್ಕೆ ಹಂಚಿದ್ರೆ ತಿಂಗಳಿಗೆ ಸುಮಾರು 300 ರೂಪಾಯಿ, ಈ ಫ್ರಿಜ್ಜಿನ ಬಾಡಿಗೆ ಅಂತ ಇಟ್ಕೊಳ್ಳಿ. 1,950ರ ರಿಪೇರಿ ಆರೂವರೆ ತಿಂಗಳು ಬಾಳಿದ್ರೆ ಅಸಲು ಬಂತು, ನಮಗೆ ಇನ್ನೂ ನಾಲ್ಕೂವರೆ ವರ್ಷದ ಆಸೆ ಉಂಟು. ಅದೇ ಲೆಕ್ಕದಲ್ಲಿ 6,500ರ ಕೆಲಸ 22 ತಿಂಗಳು ಬಾಳಬೇಕು, ನಿಜವಾದ ಲೀಕ್ ಆಗಿದ್ದು, ಲೀಕ್ ಹೊರಗೆ ಕಾಣುವ ಜಾಯಿಂಟಿನಲ್ಲಿ ಇದ್ದಿದ್ರೆ ಅದನ್ನೂ ನಾನು ಮಾಡಿಸಿ ಅಂತಲೇ ಹೇಳ್ತಿದ್ದೆ. ಆದ್ರೆ ಲೀಕ್ ಬಾಡಿಯ ಫೋಮಿನ ಒಳಗೆ ಹುದುಗಿಸಿದ ಪೈಪಿನಲ್ಲಿ ಅಂತಾದ್ರೆ ಬೇಡ. ಅದನ್ನು ಬೈಪಾಸ್ ಮಾಡಿ ಹೊರಗೆ ಕಾಯಿಲ್ ಕಟ್ಟಿ ಓಡಿಸುವವರು ಇದ್ದಾರೆ, ಓಡ್ತದೆ ಕೂಡ, ಎಷ್ಟು ದಿನ ಅಂತ ಮಾತ್ರ ಯಾರೂ ಬರೆದು ಕೊಡುವುದಿಲ್ಲ.

"ಹೊಸದು ಕರೆಂಟ್ ಉಳಿಸ್ತದೆ" ಅಂತ ಅವನ ಇನ್ನೊಂದು ವಾದ. ಬಾಗಿಲಿನ ಸ್ಟಾರ್ ಲೇಬಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರ್ತದೆ, ಸ್ಟಾರ್ ಎಣಿಸುವುದಕ್ಕಿಂತ ಅದನ್ನೇ ನೋಡಬೇಕು, ಯಾಕಂದ್ರೆ ಸ್ಟಾರಿನ ಮಾನದಂಡ ಆಗಾಗ ಬಿಗಿ ಮಾಡ್ತಾರೆ, 2021ರ 3 ಸ್ಟಾರೂ ಈಗಿನ 3 ಸ್ಟಾರೂ ಒಂದೇ ಅಲ್ಲ. ನಮ್ಮದಕ್ಕೂ ಹೊಸದಕ್ಕೂ ವ್ಯತ್ಯಾಸ ವರ್ಷಕ್ಕೆ 50 ಯೂನಿಟ್ ಅಂತಲೇ ಹಿಡಿದ್ರೂ, ಯೂನಿಟಿಗೆ 6 ರೂಪಾಯಿಯಂತೆ 300 ರೂಪಾಯಿ. ದೊಡ್ಡಮ್ಮನಿಗೆ ಸೊನ್ನೆ ಬಿಲ್ಲು, ಆ 300 ಕೂಡ ಕೈಗೆ ಬರುವುದಿಲ್ಲ. 15 ವರ್ಷ ಹಳೇ ಫ್ರಿಜ್ ಆಗಿದ್ರೆ ಮಾತು ಬೇರೆ.

ಇನ್ನು ವಾರಂಟಿ. 2021ರ ಬಿಲ್ ಹುಡುಕಿ ತೆಗೆದಾಗ ಅದರಲ್ಲಿ 2,600ರ ಒಂದು ಲೈನ್ ಇತ್ತು, ಎರಡು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ. ದೊಡ್ಡಮ್ಮನಿಗೆ ಅದು ತೆಗೆದದ್ದೇ ನೆನಪಿಲ್ಲ, ಇಎಂಐಯಲ್ಲಿ ಸೇರಿಸಿದ್ದು, ಫ್ರಿಜ್ಜಿನ ಬ್ರ್ಯಾಂಡಿನದ್ದೂ ಅಲ್ಲ, ಅಂಗಡಿ ಮೂಲಕ ಬೇರೊಂದು ಕಂಪೆನಿಯದ್ದು. ಮೊದಲ ವರ್ಷ ಹೇಗೂ ಬ್ರ್ಯಾಂಡಿನದ್ದೇ ವಾರಂಟಿ, ಇದು ಶುರುವಾದದ್ದು 2022ರ ನವೆಂಬರಿನಲ್ಲಿ, ಮುಗಿದದ್ದು 2024ರ ನವೆಂಬರಿನಲ್ಲಿ. ಹೀಟರ್ ಹೋದದ್ದು ಅದು ಮುಗಿದು ಆರು ತಿಂಗಳಿಗೆ. ಇದು ಬರೀ ದುರದೃಷ್ಟ ಅಲ್ಲ. ತಯಾರಿಯಲ್ಲೇ ದೋಷ ಇದ್ದದ್ದು ಹೆಚ್ಚಾಗಿ ಮೊದಲ ವರ್ಷದಲ್ಲೇ ಹೋಗ್ತದೆ, ಸವೆದು ಹೋಗುವುದು, ತುಕ್ಕು ಹಿಡಿಯುವುದು ಎಲ್ಲ ನಿಧಾನಕ್ಕೆ ಬರ್ತದೆ. ನಡುವಿನ ಎರಡು ಮೂರು ವರ್ಷ ಸಾಮಾನುಗಳು ಅತಿ ಕಮ್ಮಿ ಹಾಳಾಗುವ ಕಾಲ, ಮಾರುವುದು ಅದೇ ಕಾಲವನ್ನು.

ಆ ಎರಡು ವರ್ಷದಲ್ಲಿ ಒಮ್ಮೆ ಕ್ಲೇಮ್ ಮಾಡಿದ್ರಂತೆ, ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಹರಿದು. ರಬ್ಬರ್ ಇದರಲ್ಲಿ ಬರುವುದಿಲ್ಲ ಅಂತ ವಾಪಸ್. ನಾನು ಹಿಂದಿನ ಪುಟದ ಸಣ್ಣ ಅಕ್ಷರ ಓದ್ತಾ ಹೋದೆ, ಯಾವುದೆಲ್ಲ ಇಲ್ಲ ಅಂತ. ರಬ್ಬರ್, ಗಾಜು, ಪ್ಲಾಸ್ಟಿಕ್, ಬಲ್ಬ್ ಇಲ್ಲ. ತುಕ್ಕಿನಿಂದ ಆದದ್ದು ಇಲ್ಲ. ಸಿಡಿಲು, ವೋಲ್ಟೇಜ್ ಏರಿಳಿತದಿಂದ ಆದದ್ದು ಇಲ್ಲ. ಒಳಗಿದ್ದ ಆಹಾರ ಹಾಳಾದ್ರೆ ಇಲ್ಲ. ಈಗ ನೀವೇ ಹೇಳಿ, ಉಳ್ಳಾಲದಿಂದ ಮಲ್ಪೆ ತನಕ ಕಡಲ ಬದಿಯ ಮನೆಗಳಲ್ಲಿ ಸಾಮಾನು ಹಾಳಾಗುವುದು ಎಂತದರಿಂದ? ಉಪ್ಪು ಗಾಳಿಯ ತುಕ್ಕು, ಮತ್ತೆ ಮಳೆ ಹಿಡಿಯುವ ಮೊದಲಿನ ಸಿಡಿಲು. ಎರಡೂ ಹೊರಗೆ. ಅತಿ ದುಬಾರಿ ಪಾರ್ಟ್ ಕಂಪ್ರೆಸರ್, ಅದು ಹೇಗೂ ಬ್ರ್ಯಾಂಡಿನ ಜವಾಬ್ದಾರಿ. ಉಳಿದದ್ದು ಫ್ಯಾನ್ ಮೋಟರ್, ಹೀಟರ್, ಸೆನ್ಸರ್, ಪಿಸಿಬಿ.

ಸರಿ, ಈ ಹೀಟರ್ ಆರು ತಿಂಗಳು ಮೊದಲೇ ಹೋಗಿತ್ತು ಅಂತಲೇ ಇಟ್ಕೊಳ್ಳಿ. ಬಂದವನು ಆ ಹಸಿರು ಪಿನ್ ನೋಡಿ "ತುಕ್ಕು" ಅಂತ ಬರೆಯದೆ ಒಪ್ಪಿದ್ರೂ ಸಿಗ್ತಿದ್ದದ್ದು 1,950 ಮತ್ತೆ ವಿಸಿಟಿಂಗ್ ಚಾರ್ಜ್, ಅಂದ್ರೆ ಕೊಟ್ಟದ್ದಕ್ಕಿಂತಲೂ ಚೂರು ಕಮ್ಮಿ. ಇಂಥ ರಿಪೇರಿಯಲ್ಲಿ 2,600 ವಸೂಲಾಗಬೇಕಾದ್ರೆ ಎರಡು ವರ್ಷದೊಳಗೆ ಖಂಡಿತ ಒಂದಾದ್ರೂ ಹಾಳಾಗಲೇಬೇಕು. ಮೂರೂವರೆ ವರ್ಷದಲ್ಲಿ ಒಂದು ರಿಪೇರಿ ಬಂದ ಸಾಮಾನಿಗೆ ಅದು ಲಾಭದ ವ್ಯಾಪಾರ ಅಲ್ಲ.

ಎಲ್ಲದಕ್ಕೂ ವಾರಂಟಿ ದಂಡ ಅಂತ ನಾನು ಹೇಳುವವ ಅಲ್ಲ. ದೊಡ್ಡ ಟಿವಿ ನೋಡಿ, ಪ್ಯಾನೆಲ್ ಹೋದ್ರೆ ಹೊಸ ಟಿವಿಯ ಹತ್ತಿರ ಹತ್ತಿರ ಖರ್ಚು, ನಡುವಿನ ಸಣ್ಣ ರಿಪೇರಿ ಅಂತ ಇಲ್ಲ. ಅಂಥದ್ದಕ್ಕೆ ಬ್ರ್ಯಾಂಡಿನದ್ದೇ ಪ್ಲಾನ್, ಪ್ಯಾನೆಲ್ ಸೇರಿದೆ ಅಂತ ಅಕ್ಷರದಲ್ಲಿ ಇದ್ದು, ಟಿವಿ ರೇಟಿನ ನೂರಕ್ಕೆ ಐದಾರರ ಒಳಗೆ ಸಿಕ್ಕಿದ್ರೆ ನಾನೂ ತೆಗೀತೇನೆ. ಮೊಬೈಲಿಗೆ ಎಕ್ಸ್‌ಟೆಂಡೆಡ್ ವಾರಂಟಿ ಅಂತ ತೆಗೆದು ಸ್ಕ್ರೀನ್ ಒಡೆದಾಗ ಹೋದ್ರೆ ಕೈ ಅಲ್ಲಾಡಿಸ್ತಾರೆ, ಬಿದ್ದು ಒಡೆಯುವುದಕ್ಕೆ ಇರುವ ಪ್ಲಾನೇ ಬೇರೆ. ಇದ್ದದ್ದನ್ನೂ ಇಲ್ಲ ಅಂತ ತಿರಸ್ಕರಿಸಿದ್ರೆ ಮಾತ್ರ ಬಿಡಬೇಡಿ, ಕಾರಣ ಬರವಣಿಗೆಯಲ್ಲಿ ಕೇಳಿ, 1915 ಗ್ರಾಹಕ ಸಹಾಯವಾಣಿಗೆ ದೂರು ಹಾಕಿ.

ದೊಡ್ಡಮ್ಮನ ಫ್ರಿಜ್ ಮಳೆಗಾಲ ಇಡೀ ಸರಿಯಾಗಿ ಓಡಿತು, ಬಿಲ್ ಪುನಃ ಸೊನ್ನೆಗೆ ಬಂತು. ಹೊಸದಕ್ಕೆ ಅಂತ ಮಗ ಕಳಿಸಿದ ದುಡ್ಡಿನಲ್ಲಿ ಒಂದು ಒಳ್ಳೇ ಸ್ಟೆಬಿಲೈಸರ್ ಹಾಕಿಸಿ, ಸಿಡಿಲು ಬರುವಾಗ ಪ್ಲಗ್ಗೇ ತೆಗೀಬೇಕು ಅಂತ ಹೇಳಿ, ಗ್ಯಾಸ್ಕೆಟ್ ಹೊಸದು ಹಾಕಿಸಿದೆವು, ಹರಿದ ಗ್ಯಾಸ್ಕೆಟಿನಿಂದ ಪಸೆ ಒಳಗೆ ಹೋಗಿಯೇ ಐಸ್ ಬೇಗ ಏರ್ತಿದ್ದದ್ದು. ಅಡಿಯ ತಗಡಿನ ತುಕ್ಕು ಉಜ್ಜಿ ಪೇಂಟ್ ಹೊಡೆದದ್ದು ನಾನೇ. ಬಿಲ್ಲಿನ ಹಿಂದೆ ಪೆನ್ನಲ್ಲಿ ಬರೆದು ಇಟ್ಟಿದ್ದೇನೆ, 2027ರ ತನಕ 5,000ದ ಒಳಗಿನ ರಿಪೇರಿ ಆದ್ರೆ ಮಾಡಿಸುವುದು, ಫೋಮಿನ ಒಳಗೆ ಲೀಕ್ ಅಂತಾದ್ರೆ ಮಾಡಿಸದೆ ಹೊಸದು ನೋಡುವುದು, ಪ್ಯಾನೆಲ್ ಬಿಚ್ಚಿ ನೋಡದೆ ಯಾರು ಗ್ಯಾಸ್ ಅಂತ ಹೇಳಿದ್ರೂ ನನಗೆ ಒಂದು ಫೋನ್ ಮಾಡುವುದು.